ಪುಟ್ಟಪ್ಪ, ಬೇಂದ್ರೆ ಮತ್ತು ಒಂದು ಖಾಲಿ ಜಾಗ

ಸಾಹಿತ್ಯ ಕಾರ್ಯಕ್ರಮವೊಂದಕ್ಕೆ ಎದೆಗೆ ಸಿಕ್ಕಿಸುವ ಬ್ಯಾಡ್ಜ್‌ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇನ್ನೂರು ಹೆಸರುಗಳ ಎಕ್ಸೆಲ್ ಪಟ್ಟಿ. ಮೊದಲ ಹೆಸರನ್ನು ದೊಡ್ಡದಾಗಿ, ಕೊನೆಯ ಹೆಸರನ್ನು ಅದರ ಕೆಳಗೆ ಚಿಕ್ಕದಾಗಿ ಹಾಕಬೇಕಿತ್ತು. ಪ್ರೂಫ್ ನೋಡಿದರೆ ಹತ್ತಾರು ಜನರ ಎದೆಯ ಮೇಲೆ ದೊಡ್ಡಕ್ಷರದಲ್ಲಿ ಬರೀ ‘ಕೆ.’ ಅಂತಿತ್ತು.

ನಾನು ಬಳಸಿದ್ದು ಎಲ್ಲರೂ ಬಳಸುವ ಜೋಡಿ ಸೂತ್ರ:

```
=LEFT(TRIM(A2),FIND(" ",TRIM(A2)&" ")-1)
=TRIM(RIGHT(SUBSTITUTE(TRIM(A2)," ",REPT(" ",100)),100))
```

ಮೊದಲನೆಯದು ಮೊದಲ ಖಾಲಿ ಜಾಗ ಎಲ್ಲಿದೆಯೆಂದು ಹುಡುಕಿ, ಅದರ ಎಡಗಡೆಯದನ್ನು ಕೊಡುತ್ತದೆ. ಕೊನೆಗೆ `&" "` ಅಂಟಿಸದಿದ್ದರೆ ‘ರಾಜ್‌ಕುಮಾರ್’ ಎಂಬಂಥ ಒಂದೇ ಪದದ ಹೆಸರು ಬಂದಾಗ ಖಾಲಿ ಜಾಗ ಸಿಗದೆ `#VALUE!` ಎಂದು ಕೂಗುತ್ತದೆ. ಎರಡನೆಯದರ ಉಪಾಯ ಸೊಗಸಾಗಿದೆ. ಪದಗಳ ನಡುವಿನ ಒಂದೊಂದು ಖಾಲಿ ಜಾಗವನ್ನೂ ನೂರು ಖಾಲಿ ಜಾಗಗಳಷ್ಟು ಹಿಗ್ಗಿಸಿ, ಬಲದಿಂದ ನೂರು ಅಕ್ಷರ ಕತ್ತರಿಸುತ್ತದೆ. ಅಷ್ಟರೊಳಗೆ ಕೊನೆಯ ಪದವೊಂದೇ ಸಿಗುತ್ತದೆ. ನಡುವೆ ಎಷ್ಟು ಹೆಸರಿದ್ದರೂ ಸರಿ. ‘ಗಿರೀಶ್ ರಘುನಾಥ್ ಕಾರ್ನಾಡ್’ ಕೊಟ್ಟರೆ ಗಿರೀಶ್, ಕಾರ್ನಾಡ್ ಎರಡೂ ಚೊಕ್ಕವಾಗಿ ಬರುತ್ತವೆ.

ತೊಂದರೆ ಇನಿಷಿಯಲ್‌ಗಳದ್ದು. ‘ಕೆ.ವಿ. ಪುಟ್ಟಪ್ಪ’ ಕೊಟ್ಟರೆ ಮೊದಲ ಹೆಸರು ‘ಕೆ.ವಿ.’ ಆಗುತ್ತದೆ, ‘ಕೆ. ವಿ. ಪುಟ್ಟಪ್ಪ’ ಎಂದು ಬಿಡಿಸಿ ಬರೆದರೆ ‘ಕೆ.’ ಮಾತ್ರ. ಹಾಗಾದರೆ ಇನಿಷಿಯಲ್ ತೆಗೆದುಹಾಕೋಣ ಎಂದುಕೊಂಡೆ. ಇಂಗ್ಲಿಷ್ ಲಿಪಿಯಲ್ಲಿ ಇದಕ್ಕೆ ಸುಲಭದ ನಿಯಮವಿದೆ: ಒಂದೇ ಅಕ್ಷರದ ಪದವಾದರೆ ಅದು ಇನಿಷಿಯಲ್. ಕನ್ನಡದಲ್ಲಿ ಈ ನಿಯಮ ನಡೆಯುವುದಿಲ್ಲ. ನಮ್ಮ ಕಣ್ಣಿಗೆ ‘ಕೆ’ ಒಂದಕ್ಷರ, ಆದರೆ ಎಕ್ಸೆಲ್‌ನ `LEN` ಕ ಮತ್ತು ಎತ್ವವನ್ನು ಬೇರೆಬೇರೆ ಎಣಿಸಿ 2 ಎನ್ನುತ್ತದೆ. ‘ಎಸ್’ಗೆ ಎ, ಸ, ವಿರಾಮಚಿಹ್ನೆ ಸೇರಿ 3. ‘ರವಿ’ಗೂ 3. ಉದ್ದ ನೋಡಿ ಎಸ್ ಯಾವುದು, ರವಿ ಯಾರು ಎಂದು ಅದು ಹೇಳಲಾರದು.

ಹಾಗಾಗಿ ನೆಚ್ಚಿಕೊಳ್ಳಬೇಕಾದ್ದು ಚುಕ್ಕಿಯನ್ನು. ಪ್ರತಿ ಚುಕ್ಕಿಯ ಮುಂದೆ ಒಂದು ಖಾಲಿ ಜಾಗ ಸೇರಿಸಿ, ಪದಗಳನ್ನು ಬಿಡಿಸಿ, ಚುಕ್ಕಿಯಿಂದ ಮುಗಿಯುವುದನ್ನೂ ಒಂಟಿ ಅಕ್ಷರವನ್ನೂ ಕೈಬಿಟ್ಟರೆ ಉಳಿಯುವುದೇ ಹೆಸರು:

```
=LET(w,TEXTSPLIT(TRIM(SUBSTITUTE(A2,".",". "))," "),
 TEXTJOIN(" ",TRUE,
 FILTER(w,(LEN(w)>1)*(RIGHT(w)<>"."),"")))
```

`TEXTSPLIT` ಇರುವುದು ಮೈಕ್ರೋಸಾಫ್ಟ್ 365 ಮತ್ತು ಎಕ್ಸೆಲ್ 2024ರಲ್ಲಿ. ಹಳೆಯ ಆವೃತ್ತಿಯಲ್ಲಿ `#NAME?` ಎಂದು ತೋರಿಸುತ್ತದೆ. ಇನಿಷಿಯಲ್ ಹೆಸರಿನ ಹಿಂದಿರಲಿ ಮುಂದಿರಲಿ, ಈ ಸೂತ್ರಕ್ಕೆ ಎರಡೂ ಒಂದೇ. ‘ಡಾ. ಚಂದ್ರಶೇಖರ ಕಂಬಾರ’ ಎಂದು ಕೊಟ್ಟೆ. ಕೇಳದೆಯೇ ಡಾಕ್ಟರೇಟನ್ನೂ ಕಿತ್ತುಕೊಂಡಿತು. ಬ್ಯಾಡ್ಜಿಗೆ ಅದೇ ಬೇಕಿತ್ತು. ಯಾರಾದರೂ ಚುಕ್ಕಿಯಿಲ್ಲದೆ ‘ಕೆ ವಿ ಪುಟ್ಟಪ್ಪ’ ಎಂದು ಬರೆದಿದ್ದರೆ ಮಾತ್ರ ‘ಕೆ’, ‘ವಿ’ ಹಾಗೇ ಉಳಿದುಬಿಡುತ್ತವೆ. ಉಳಿದ ಹೆಸರನ್ನು B2ರಲ್ಲಿಟ್ಟು, ಮೇಲಿನ ಜೋಡಿ ಸೂತ್ರಗಳನ್ನು ಅದರ ಮೇಲೆ ಓಡಿಸಬಹುದು.

ಗೆದ್ದೆ ಎಂದುಕೊಂಡವನು ಪರೀಕ್ಷೆಗೆಂದು ಜ್ಞಾನಪೀಠ ಪಡೆದ ಕನ್ನಡದ ಎಂಟೂ ಜನರ ಹೆಸರು ಹಾಕಿ ನೋಡಿದೆ. ‘ಕೆ.ವಿ. ಪುಟ್ಟಪ್ಪ’ದಿಂದ ಪುಟ್ಟಪ್ಪ ಬಂತು, ‘ದ.ರಾ. ಬೇಂದ್ರೆ’ಯಿಂದ ಬೇಂದ್ರೆ ಬಂತು. ಎರಡೂ ಒಂದೇ ಅಚ್ಚಿನ ಹೆಸರುಗಳಂತೆ ಕಾಣುತ್ತವೆ, ಅರ್ಥ ಬೇರೆ. ಪುಟ್ಟಪ್ಪ ಎನ್ನುವುದು ಕವಿಗೆ ಇಟ್ಟ ಹೆಸರು. ಕೆ ಅಂದರೆ ಕುಪ್ಪಳಿ, ಊರು. ವಿ ಅಂದರೆ ವೆಂಕಟಪ್ಪ, ತಂದೆ. ಬೇಂದ್ರೆ ಎನ್ನುವುದು ಮನೆತನದ ಹೆಸರು. ಕವಿಗೆ ಇಟ್ಟ ದತ್ತಾತ್ರೇಯ ಆ ‘ದ’ದೊಳಗೆ ಅಡಗಿ ಕೂತಿದೆ. ಸೂತ್ರ ಎಸೆದದ್ದು ಅದನ್ನೇ. ‘ಮಾಸ್ತಿ ವೆಂಕಟೇಶ ಅಯ್ಯಂಗಾರ್’ದಲ್ಲಿ ಇನಿಷಿಯಲ್ ಇಲ್ಲವೇ ಇಲ್ಲ, ಆದರೂ ಮೊದಲ ಪದ ಊರು. ಸಿಗುವ ಮೊದಲ ಹೆಸರು ‘ಮಾಸ್ತಿ’. (ಅವರ ವಿಷಯದಲ್ಲಿ ಯಾರೂ ತಕರಾರು ತೆಗೆಯಲಾರರು, ಕನ್ನಡನಾಡು ಅವರನ್ನು ಕರೆದದ್ದೇ ಹಾಗೆ.) ಖಾಲಿ ಜಾಗ ಎಣಿಸುವ ಸೂತ್ರಕ್ಕೆ ಊರು, ತಂದೆ, ಮನೆತನ ಎಂಬುದು ತಿಳಿಯುವ ದಾರಿಯೇ ಇಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ಪಕ್ಕದ ಕಾಲಂನಲ್ಲಿ, ಸೋಸಿ ಉಳಿದ ಹೆಸರಿನಲ್ಲಿ ಎಷ್ಟು ಖಾಲಿ ಜಾಗಗಳಿವೆ ಎಂದು ಎಣಿಸಿದೆ:

```
=LEN(B2)-LEN(SUBSTITUTE(B2," ",""))
```

ಅದರ ಪ್ರಕಾರ ಪಟ್ಟಿಯನ್ನು ಸಾರ್ಟ್ ಮಾಡಿದೆ. 1 ಬಂದವರು ಬಹುಪಾಲು. ಅವರ ಮೇಲೆ ಕಣ್ಣಾಡಿಸಿದರೆ ಸಾಕಾಯಿತು. 0 ಮತ್ತು 2 ಬಂದವರು ಮೂವತ್ತೆಂಟು ಜನ. ಅವರಿಗೆ ಸೂತ್ರ ಬಿಟ್ಟು ಫೋನು ಹಿಡಿದು, ‘ನಿಮ್ಮನ್ನು ಏನಂತ ಕರೀಬೇಕು ಸಾರ್?’ ಎಂದು ಕೇಳಿದೆ. ಒಬ್ಬರು ಹೇಳಿದರು, ‘ಇನಿಷಿಯಲ್ ಹಾಕಿ ಸಾಕು, ನಮ್ಮ ಆಫೀಸಲ್ಲಿ ಎಲ್ಲ ಕೆ.ಎಸ್. ಅಂತಲೇ ಕರೆಯೋದು.’