ಖೋಲಿ ಬದಲಾವಣೆಯ ಅರ್ಜಿ: ತಪ್ಪು ಕಲ್ಪನೆ ಮತ್ತು ಸತ್ಯ

ಸೈದಾಪುರದಂತಹ ಊರಿನ ವಿದ್ಯಾರ್ಥಿನಿಲಯಗಳಲ್ಲಿ ಮಾರ್ಚ್ ತಿಂಗಳ ಬಿಸಿಲೂ ಪರೀಕ್ಷೆಯೂ ಜೊತೆಗೂಡಿಯೇ ಬರುವುದರಿಂದ, ಸೆಕೆಯನ್ನು ತಾಳಲಾರದೆ ಕಿಟಕಿಯನ್ನು ತೆರೆದಿಟ್ಟ ಹುಡುಗನು ಗದ್ದಲವನ್ನೂ ಒಳಕ್ಕೆ ಬರಮಾಡಿಕೊಂಡಂತಾಗುತ್ತದೆ. ಮುಂಬಯಿ–ಚೆನ್ನೈ ಮಾರ್ಗದ ಗಾಡಿಗಳು, ಹೋಳಿಗೆ ಮುಂಚೆ ಓಣಿಯ ಹುಡುಗರು ಬಡಿಯುವ ಹಲಗೆ, ಮದುವೆಯ ಮೆರವಣಿಗೆಯ ಡಿಜೆ, ಇವೆಲ್ಲಕ್ಕಿಂತ ಸಮೀಪದಲ್ಲಿ ಪಕ್ಕದ ಖೋಲಿಯ ಹರಟೆ, ಇವುಗಳ ನಡುವೆ ಭೌತಶಾಸ್ತ್ರದ ಸೂತ್ರಗಳನ್ನು ಕಂಠಸ್ಥ ಮಾಡಲು ಹೆಣಗಿ ಸೋತ ವಿದ್ಯಾರ್ಥಿಯು ಕಟ್ಟಕಡೆಗೆ ವಾರ್ಡನ್ನರಿಗೆ ಅರ್ಜಿ ಬರೆಯಲು ಕುಳಿತುಕೊಳ್ಳುತ್ತಾನೆ. ಆ ಅರ್ಜಿಯು ನಿಷ್ಫಲವಾದಾಗ ಎಲ್ಲರೂ ವಾರ್ಡನ್ನರ ಕಾಠಿಣ್ಯವನ್ನು ದೂರುತ್ತಾರೆ; ಆದರೆ ಗದ್ದಲದ ವಿಷಯದಲ್ಲಿಯೂ ಅರ್ಜಿಯ ವಿಷಯದಲ್ಲಿಯೂ ನಮ್ಮಲ್ಲಿ ಬೇರೂರಿರುವ ಕೆಲವು ಕಲ್ಪನೆಗಳೇ ಬಹುಮಟ್ಟಿಗೆ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

“ಎಂಟು ದಿನ ತಡಿ ತಮ್ಮಾ, ರೂಢಿ ಆಗ್ತದ” ಎಂಬುದು ಹಿರಿಯರ ಸಾಮಾನ್ಯ ಸಮಾಧಾನ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ರಾಯಚೂರನ್ನು ಮುಟ್ಟಿದಂದಿನಿಂದ ಗಾಡಿಯ ಸಪ್ಪಳವನ್ನು ಕೇಳುತ್ತ ಬಂದ ಸೀಮೆಯಲ್ಲಿ ಈ ಮಾತು ಸಹಜವೇ ಸರಿ. ನಿದ್ರೆಗೆ ಕಿವಿಯು ಒಂದಿಷ್ಟು ಒಗ್ಗುವುದೂ ಉಂಟು. ಆದರೆ ಕಲಿಕೆಯು ಹಾಗೆ ಒಗ್ಗುವುದಿಲ್ಲವೆಂಬುದಕ್ಕೆ ನ್ಯೂಯಾರ್ಕಿನ ಒಂದು ಶಾಲೆಯ ವೃತ್ತಾಂತವು ಸಾಕ್ಷಿಯಾಗಿದೆ. ಆ ಶಾಲೆಯ ಒಂದು ಪಾರ್ಶ್ವವು ಎತ್ತರದ ಕಂಬಗಳ ಮೇಲೆ ಹಾಯ್ದ ರೈಲುಹಳಿಗೆ ಎದುರಾಗಿದ್ದು, ನಾಲ್ಕೈದು ನಿಮಿಷಕ್ಕೊಮ್ಮೆ ಗಾಡಿ ಹೋಗುವಾಗಲೆಲ್ಲ ಉಪಾಧ್ಯಾಯರು ಪಾಠವನ್ನು ನಿಲ್ಲಿಸಬೇಕಾಗುತ್ತಿತ್ತು. ಮತ್ತೊಂದು ಪಾರ್ಶ್ವವು ಶಾಂತವಾಗಿತ್ತು. ಅರ್ಲಿನ್ ಬ್ರಾನ್‌ಜಾಫ್ಟ್ ಮತ್ತು ಡೆನ್ನಿಸ್ ಮೆಕಾರ್ಥಿ ಎಂಬವರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದ್ದಲದ ಪಾರ್ಶ್ವದ ಆರನೆಯ ತರಗತಿಯ ಮಕ್ಕಳು ಓದುವ ಸಾಮರ್ಥ್ಯದಲ್ಲಿ ಅದೇ ಶಾಲೆಯ ಶಾಂತ ಪಾರ್ಶ್ವದ ಮಕ್ಕಳಿಗಿಂತ ಹೆಚ್ಚುಕಡಿಮೆ ಒಂದು ವರ್ಷದಷ್ಟು ಹಿಂದುಳಿದಿದ್ದರೆಂದು ಕಂಡುಬಂದಿತು. ತರುವಾಯ ಹಳಿಯ ಕೆಳಗೆ ರಬ್ಬರಿನ ಮೆತ್ತೆಗಳನ್ನೂ ತರಗತಿಗಳಿಗೆ ಸದ್ದನ್ನು ಹೀರುವ ಮೇಲ್ಛಾವಣಿಯನ್ನೂ ಅಳವಡಿಸಿದ ಮೇಲೆ ಆ ಅಂತರವು ಅಳಿದುಹೋಯಿತೆಂದು 1981ರಲ್ಲಿ ಬ್ರಾನ್‌ಜಾಫ್ಟ್ ವರದಿ ಮಾಡಿದರು. ಎಂಟು ದಿನಗಳಲ್ಲ, ವರ್ಷಗಳೇ ಕಳೆದರೂ ಆ ಮಕ್ಕಳಿಗೆ ರೂಢಿಯಾಗಿರಲಿಲ್ಲ. ಸದ್ದು ಕಡಿಮೆಯಾದ ಮೇಲೆಯೇ ಅವರು ಚೇತರಿಸಿಕೊಂಡರು.

ಎರಡನೆಯ ಕಲ್ಪನೆಯು ಇದಕ್ಕಿಂತ ಸೂಕ್ಷ್ಮವಾದುದು: ಸದ್ದು ದೊಡ್ಡದಾದಷ್ಟೂ ಬಾಧೆಯೂ ದೊಡ್ಡದೆಂಬುದು. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಮನಶ್ಶಾಸ್ತ್ರಜ್ಞರು ಕೆಲವರಿಗೆ ಅಕ್ಷರಗಳ ಸಾಲನ್ನು ನೆನಪಿಡಲು ಹೇಳಿ, ಹಿನ್ನೆಲೆಯಲ್ಲಿ ಅವರಿಗೆ ತಿಳಿಯದ ಜರ್ಮನ್ ಭಾಷೆಯ ಗದ್ಯವನ್ನು ಓದಿಸಿದಾಗ, ಅರ್ಥವೇ ಆಗದ ಆ ಮಾತು ಕೂಡ ನೆನಪನ್ನು ಕೆಡಿಸಿತು. ಏರಿಳಿತವಿಲ್ಲದೆ ಒಂದೇ ಸಮನೆ ಮೊರೆಯುವ ಫ್ಯಾನಿನ ಸದ್ದಿಗಿಂತ, ಕ್ಷಣಕ್ಷಣಕ್ಕೂ ಬದಲಾಗುವ ಮನುಷ್ಯರ ಮಾತು, ಮೆಲ್ಲಗೆ ಕೇಳಿದರೂ, ಕಂಠಪಾಠಕ್ಕೆ ಹೆಚ್ಚಿನ ವೈರಿ. ಗೂಡ್ಸ್ ಗಾಡಿಯು ಎಷ್ಟು ಅಬ್ಬರಿಸಿದರೂ ಕೆಲವು ನಿಮಿಷಗಳಲ್ಲಿ ಹಾದುಹೋಗುತ್ತದೆ, ಟಿ.ವಿ. ಹಾಲಿನ ಮಾತು ಗಂಟೆಗಟ್ಟಲೆ ಹರಿಯುತ್ತದೆ. ಆದುದರಿಂದ ರೈಲುಹಳಿಗೆ ಅಂಜಿ, ಹಿಂಬದಿಯಲ್ಲಿ ಟಿ.ವಿ. ಹಾಲಿಗೆ ಹೊಂದಿಕೊಂಡ ಖೋಲಿಯನ್ನು ಬೇಡುವವನು ನಷ್ಟದ ವ್ಯಾಪಾರವನ್ನೇ ಮಾಡಿಕೊಳ್ಳುತ್ತಾನೆ. ಅರ್ಜಿಗೆ ಮುಂಚೆ ಎರಡು ಮೂರು ರಾತ್ರಿ ಯಾವ ಸದ್ದು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇತ್ತೆಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಬೇಡಬೇಕೆಂದಿರುವ ಖೋಲಿಯಲ್ಲಿಯೂ ಅದೇ ಹೊತ್ತಿನಲ್ಲಿ ಕುಳಿತು ನೋಡುವುದು ಮೇಲು. ಮೊಬೈಲಿನ ಡೆಸಿಬಲ್ ಆ್ಯಪಿನ ಅಂಕಿಗಳನ್ನು ಲಗತ್ತಿಸುವವರೂ ಇದ್ದಾರೆ. ಪ್ರಮಾಣೀಕರಿಸದ ಆ ಅಳತೆಗಿಂತ ವೇಳೆಯ ಪಟ್ಟಿಯೇ ವಾರ್ಡನ್ನರಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಅದನ್ನು ಅವರು ಅಂದು ರಾತ್ರಿಯೇ ಸ್ವತಃ ಬಂದು ಪರೀಕ್ಷಿಸಬಹುದು.

ಇನ್ನು ಅರ್ಜಿ. ದೈನ್ಯದಿಂದ ಮನ ಕರಗಿಸಬೇಕೆಂದು ಕೆಲವರು ತಮ್ಮ ಮನೆಯ ಬಡತನದಿಂದ ಆರಂಭಿಸಿ ಎರಡು ಪುಟ ತುಂಬಿಸುತ್ತಾರೆ. ಮತ್ತೆ ಕೆಲವರು ಗದ್ದಲ ಮಾಡುವವರ ಹೆಸರುಗಳನ್ನು ಸಾಲಾಗಿ ಬರೆಯುತ್ತಾರೆ. ಹೆಸರು ಬಂದೊಡನೆ ಅರ್ಜಿಯು ದೂರಾಗಿ ಮಾರ್ಪಡುತ್ತದೆ. ದೂರಿಗೆ ವಿಚಾರಣೆ ಬೇಕು, ಎರಡೂ ಕಡೆಯವರ ಹೇಳಿಕೆ ಬೇಕು, ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ವಾರ್ಡನ್ನರು ರುಜು ಹಾಕಿದೊಡನೆ ಆದೇಶವಾಗಬಲ್ಲಂತಹ ಅರ್ಜಿಯೇ ಒಳ್ಳೆಯ ಅರ್ಜಿ. ಮಾದರಿಗಾಗಿ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಂಡರೆ, ಆತನು ಹೀಗೆ ಬರೆಯಬಹುದು:

“ವಿಷಯ: ಪರೀಕ್ಷೆ ಮುಗಿಯುವವರೆಗೆ 4ನೆಯ ಖೋಲಿಯಿಂದ 11ನೆಯ ಖೋಲಿಗೆ ತಾತ್ಕಾಲಿಕವಾಗಿ ಸ್ಥಳಾಂತರಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದು 4ನೆಯ ಖೋಲಿಯಲ್ಲಿ ವಾಸವಾಗಿದ್ದೇನೆ. ಸದರಿ ಖೋಲಿಯು ಟಿ.ವಿ. ಹಾಲಿಗೆ ಹೊಂದಿಕೊಂಡಿರುವುದರಿಂದ ರಾತ್ರಿ 8ರಿಂದ 11 ಗಂಟೆಯವರೆಗೆ ಮಾತಿನ ಸದ್ದು ಕೇಳಿಬರುತ್ತಿದ್ದು, ಓದಿಗೆ ತೊಂದರೆಯಾಗುತ್ತಿದೆ. 11ನೆಯ ಖೋಲಿಯಲ್ಲಿರುವ ಪ್ರಥಮ ಪಿಯುಸಿ ವಿದ್ಯಾರ್ಥಿಯ ಪರೀಕ್ಷೆಗಳು ಮುಗಿದಿದ್ದು, ನನ್ನೊಡನೆ ಸ್ಥಳ ಬದಲಾಯಿಸಿಕೊಳ್ಳಲು ಆತನು ಒಪ್ಪಿರುತ್ತಾನೆ. ಒಪ್ಪಿಗೆಯ ಪತ್ರವನ್ನು ಲಗತ್ತಿಸಿದೆ. ಕೊನೆಯ ಪರೀಕ್ಷೆಯ ಮರುದಿನ ನಾನು ನನ್ನ ಮೂಲ ಖೋಲಿಗೆ ಮರಳುತ್ತೇನೆ. ದಯಮಾಡಿ ಅನುಮತಿ ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿ”

ಇಲ್ಲಿ ಯಾರ ಮೇಲೂ ಆರೋಪವಿಲ್ಲದಿರುವುದನ್ನು ಗಮನಿಸಬೇಕು; ತೊಂದರೆಯ ಕಾರಣವನ್ನು ಖೋಲಿಯ ಸ್ಥಾನದ ಮೇಲೆ ಹೊರಿಸಲಾಗಿದೆ. ಒಂದು ಮಂಚ ಬಿಟ್ಟು ಇನ್ನೊಂದು ಮಂಚ ಹಿಡಿಯುವ ಪರಸ್ಪರ ಬದಲಾವಣೆಯಾದುದರಿಂದ ಒಟ್ಟು ಹಂಚಿಕೆಯು ಏರುಪೇರಾಗದೆ, ರಿಜಿಸ್ಟರಿನಲ್ಲಿ ಎರಡು ಹೆಸರುಗಳ ಮುಂದೆ ಖೋಲಿಯ ಸಂಖ್ಯೆಯನ್ನು ತಿದ್ದಿದರೆ ಸಾಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮರಳುವ ದಿನವನ್ನು ತಾನಾಗಿಯೇ ಹೇಳಿರುವುದರಿಂದ, “ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ” ಎಂಬ ವಾರ್ಡನ್ನರ ಅಂಜಿಕೆಯು ಅರ್ಧಕ್ಕರ್ಧ ಇಳಿಯುತ್ತದೆ. ಹೊಸ ಖೋಲಿಯ ಜೊತೆಗಾರರನ್ನು ಕೇಳದೆ ಹೋಗುವುದು ಮಾತ್ರ ಸಾಮಾನ್ಯವಾದ ಪ್ರಮಾದ. ಅವರ ಅಸಮ್ಮತಿಯಿಂದ ಮಂಜೂರಾದ ಬದಲಾವಣೆಯೂ ಮರುದಿನವೇ ಮುರಿದುಬೀಳಬಹುದು.

ಊರಿನ ಮೈಕನ್ನೂ ವಾರ್ಡನ್ನರೇ ನಿಲ್ಲಿಸಬೇಕೆಂದು ಅರ್ಜಿಯಲ್ಲಿ ಸೇರಿಸುವವರಿದ್ದಾರೆ. ಅದು ಅವರ ಅಧಿಕಾರದ ಹೊರಗಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವುದು ನಿಷಿದ್ಧ. ಹಬ್ಬಹರಿದಿನಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ, ರಾಜ್ಯ ಸರ್ಕಾರವು ಸಡಿಲಿಕೆ ಕೊಡಬಹುದು. ಆ ಬಗೆಯ ದೂರು ಹೋಗಬೇಕಾದುದು ಪೊಲೀಸರಿಗೆ, 112ಕ್ಕೆ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ, ಆಗದ ಕೆಲಸದ ನೆಪದಲ್ಲಿ ಆಗುವ ಕೆಲಸವೂ ಹಿಂದೆ ಬೀಳುತ್ತದೆ.

ಕೊನೆಯದಾಗಿ, “ಸರ್‌ಗೆ ಬಾಯಿಮಾತಿನಲ್ಲಿ ಹೇಳೀನಿ” ಎಂದು ನೆಚ್ಚಿ ಕೂಡಬೇಡಿರಿ. ಪರೀಕ್ಷೆಗೆ ಎರಡು ವಾರ ಇರುವಾಗಲೇ ಅರ್ಜಿಯ ಎರಡು ಪ್ರತಿಗಳನ್ನು ಒಯ್ದು, ಒಂದನ್ನು ಕಚೇರಿಯ ಆವಕ ವಹಿಗೆ ಸೇರಿಸಿ, ಮತ್ತೊಂದರ ಮೇಲೆ ತಾರೀಖು ಸಹಿತ ಸೀಲು ಹಾಕಿಸಿಕೊಳ್ಳಿರಿ. ವಾರದೊಳಗೆ ಉತ್ತರ ಬಾರದಿದ್ದರೆ ಇಲಾಖೆಯ ತಾಲ್ಲೂಕು ಅಧಿಕಾರಿಯ ಮುಂದೆ ಇಡಬೇಕಾದುದು ಆ ಸೀಲಿನ ಪ್ರತಿಯನ್ನೇ.