ಧೂಮಪಾನ ಮತ್ತು ದೈಹಿಕ ತ್ರಾಣ

ಧೂಮಪಾನವು ರಕ್ತದ ಆಮ್ಲಜನಕ ಸಾಗಣೆಯ ಸಾಮರ್ಥ್ಯವನ್ನು ತಗ್ಗಿಸುವುದರಿಂದ ಕ್ರೀಡಾಪಟುಗಳ ಮತ್ತು ವ್ಯಾಯಾಮ ಮಾಡುವವರ ತ್ರಾಣ ಕುಂದುತ್ತದೆ; ಶ್ರಮದ ನಂತರ ದೇಹ ಚೇತರಿಸಿಕೊಳ್ಳುವುದೂ ನಿಧಾನವಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ. ಶ್ವಾಸಕೋಶಕ್ಕೆ ದೀರ್ಘಕಾಲದಲ್ಲಿ ಆಗುವ ಹಾನಿ ಬೇರೆಯೇ ವಿಷಯ. ಇಲ್ಲಿ ವಿವರಿಸಿರುವ ಪರಿಣಾಮವು ಶ್ವಾಸಕೋಶ ಆರೋಗ್ಯವಾಗಿರುವ ಯುವ ಧೂಮಪಾನಿಗಳಲ್ಲಿಯೂ ಕಂಡುಬರುತ್ತದೆ.

ಕಾರ್ಬನ್ ಮಾನಾಕ್ಸೈಡಿನ ಪಾತ್ರ

ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಎಲೆ, ಕಾಗದ ಅಥವಾ ಇದ್ದಿಲು ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ; ಆದ್ದರಿಂದ ಸಿಗರೇಟು, ಬೀಡಿ, ಹುಕ್ಕಾ ಮೂರರ ಹೊಗೆಯಲ್ಲಿಯೂ ಅದು ಇರುತ್ತದೆ. ಈ ಅನಿಲವು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಕಾರ್ಬಾಕ್ಸಿಹಿಮೋಗ್ಲೋಬಿನ್ ಆಗುತ್ತದೆ. ಹೀಗೆ ಆಕ್ರಮಿತವಾದ ಸ್ಥಾನಗಳು ಆಮ್ಲಜನಕಕ್ಕೆ ದೊರೆಯುವುದಿಲ್ಲ. ಧೂಮಪಾನ ಮಾಡದವರಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1ರಿಂದ 2ರೊಳಗಿರುತ್ತದೆ. ನಿತ್ಯ ಸೇದುವವರಲ್ಲಿ ಅದು ಶೇಕಡಾ 3ರಿಂದ 8ರವರೆಗೆ, ಕೆಲವರಲ್ಲಿ ಅದಕ್ಕೂ ಮೇಲೆ ಇರಬಹುದು.

ಎರಡನೆಯ ತೊಂದರೆಯೂ ಉಂಟು. ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ ಅಣುವು ತನ್ನ ಉಳಿದ ಸ್ಥಾನಗಳಲ್ಲಿರುವ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಸ್ನಾಯುವಿಗೆ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಒಂದು ಲೆಕ್ಕ

100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದುಕೊಳ್ಳೋಣ. ಅದು ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ಪೂರ್ಣ ವೇಗದಲ್ಲಿ ಓಡುವಾಗ ಹೃದಯವು ನಿಮಿಷಕ್ಕೆ 20 ಲೀಟರ್ ರಕ್ತ ಹರಿಸಿದರೆ, ಅದರೊಡನೆ 4 ಲೀಟರ್ ಆಮ್ಲಜನಕ ಸಾಗುತ್ತದೆ. ಹಿಮೋಗ್ಲೋಬಿನ್ನಿನ ಶೇಕಡಾ 6ರಷ್ಟು ಭಾಗ ಕಾರ್ಬನ್ ಮಾನಾಕ್ಸೈಡಿನ ವಶವಾದರೆ ಈ ಪ್ರಮಾಣ 3.76 ಲೀಟರಿಗೆ ಇಳಿಯುತ್ತದೆ. ಹೃದಯ ಆಗಲೇ ತನ್ನ ಗರಿಷ್ಠ ಮಿತಿಯಲ್ಲಿರುವುದರಿಂದ ನಿಮಿಷಕ್ಕೆ 240 ಮಿಲಿಲೀಟರಿನ ಈ ಕೊರತೆಯನ್ನು ತುಂಬಲು ದಾರಿಯಿಲ್ಲ; ವೇಗವನ್ನೇ ತಗ್ಗಿಸಬೇಕಾಗುತ್ತದೆ.

ಮಧ್ಯಮ ವೇಗದ ಓಟದಲ್ಲಿ ಕೊರತೆಯನ್ನು ತುಂಬಿಕೊಳ್ಳಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. 15 ಲೀಟರ್ ರಕ್ತದಿಂದ ಆಗಬೇಕಾದ ಕೆಲಸಕ್ಕೆ ಸುಮಾರು 16 ಲೀಟರ್ ಬೇಕಾಗುತ್ತದೆ. ಹೀಗಾಗಿ ಅದೇ ವೇಗದಲ್ಲಿ ನಾಡಿಬಡಿತ ಹೆಚ್ಚಿರುತ್ತದೆ ಮತ್ತು ದಣಿವು ಬೇಗ ಬರುತ್ತದೆ. ನಿಕೋಟಿನ್ ಸಹ ನಾಡಿಬಡಿತವನ್ನು ಏರಿಸಿ ಹೃದಯದ ಹೊರೆ ಹೆಚ್ಚಿಸುತ್ತದೆ.

ಭಾರ ಎತ್ತುವಿಕೆ ಮತ್ತು ಚೇತರಿಕೆ

ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಒಂದು ಭಾರ ಎತ್ತುವಿಕೆಗೆ ಸ್ನಾಯುವಿನಲ್ಲಿ ಸಂಗ್ರಹವಾಗಿರುವ ಎಟಿಪಿ ಮತ್ತು ಫಾಸ್ಫೋಕ್ರಿಯಾಟಿನ್ ಸಾಕಾಗುತ್ತದೆ. ಆ ಕ್ಷಣದಲ್ಲಿ ಆಮ್ಲಜನಕದ ಅಗತ್ಯ ಅಲ್ಪ. ಹಾಗಾಗಿ ಧೂಮಪಾನಿಯೊಬ್ಬ ತನ್ನ ಗರಿಷ್ಠ ಭಾರವನ್ನು ಎಂದಿನಂತೆಯೇ ಎತ್ತಿ, ತನಗೇನೂ ಆಗಿಲ್ಲವೆಂದು ಭಾವಿಸುವುದುಂಟು. ಆದರೆ ಖಾಲಿಯಾದ ಫಾಸ್ಫೋಕ್ರಿಯಾಟಿನ್ ಮರಳಿ ತುಂಬುವುದು ಸೆಟ್‌ಗಳ ನಡುವಿನ ಕೆಲವು ನಿಮಿಷಗಳ ವಿಶ್ರಾಂತಿಯಲ್ಲಿ, ಮತ್ತು ಅದಕ್ಕೆ ಆಮ್ಲಜನಕ ಬೇಕೇಬೇಕು. ಶೇಖರವಾದ ಲ್ಯಾಕ್ಟೇಟ್ ಕರಗುವುದೂ ಬಹುಪಾಲು ಆಮ್ಲಜನಕದ ಬಳಕೆಯಿಂದಲೇ. ಪೂರೈಕೆ ತಗ್ಗಿದಾಗ ಅದೇ ಅವಧಿಯ ವಿಶ್ರಾಂತಿಯಲ್ಲಿ ಸ್ನಾಯು ಪೂರ್ಣವಾಗಿ ಸಜ್ಜಾಗುವುದಿಲ್ಲ. ಆದ್ದರಿಂದ ವ್ಯತ್ಯಾಸವು ಮೊದಲ ಸೆಟ್‌ಗಿಂತ ಕೊನೆಯ ಸೆಟ್‌ಗಳಲ್ಲಿ ಎದ್ದು ಕಾಣುವ ಸಂಭವ ಹೆಚ್ಚು.

ಪತ್ತೆಹಚ್ಚುವಿಕೆ

ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಈ ಕೊರತೆಯನ್ನು ತೋರಿಸುವುದಿಲ್ಲ. ಅದು ಬಳಸುವ ಬೆಳಕಿಗೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಹೆಚ್ಚುಕಡಿಮೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನಂತೆಯೇ ಕಾಣುತ್ತದೆ. ಹೀಗಾಗಿ ನಿಜವಾದ ಪ್ರಮಾಣ ಕಡಿಮೆಯಿದ್ದರೂ ಪರದೆಯ ಮೇಲೆ ಶೇಕಡಾ 98 ಎಂದು ಮೂಡಬಹುದು. ನಿಖರ ಮಾಪನಕ್ಕೆ ರಕ್ತವನ್ನು ಕೋ-ಆಕ್ಸಿಮೀಟರ್‌ನಲ್ಲಿ ಪರೀಕ್ಷಿಸಬೇಕು. ಹೊರಬಿಟ್ಟ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆದೂ ಅಂದಾಜು ಮಾಡಬಹುದು.

ತ್ಯಜಿಸಿದ ನಂತರ

ವಿಶ್ರಾಂತಿಯಲ್ಲಿರುವಾಗ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಅರ್ಧಕ್ಕಿಳಿಯಲು ಸುಮಾರು ನಾಲ್ಕರಿಂದ ಆರು ಗಂಟೆ ಬೇಕು. ಆದ್ದರಿಂದ ವ್ಯಾಯಾಮಕ್ಕೆ ಒಂದೆರಡು ಗಂಟೆ ಮೊದಲು ಸೇದುವುದನ್ನು ನಿಲ್ಲಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಸಂಪೂರ್ಣವಾಗಿ ಬಿಟ್ಟರೆ ಒಂದೆರಡು ದಿನಗಳಲ್ಲಿ ಈ ಪ್ರಮಾಣವು ಧೂಮಪಾನ ಮಾಡದವರ ಮಟ್ಟಕ್ಕೆ ಬರುತ್ತದೆ. ಶ್ವಾಸನಾಳಗಳ ಉರಿಯೂತ ಮತ್ತು ಕೆಮ್ಮು ಕಡಿಮೆಯಾಗಲು ವಾರಗಳು ಅಥವಾ ತಿಂಗಳುಗಳು ಹಿಡಿಯುತ್ತವೆ. ದೀರ್ಘಕಾಲದ ಧೂಮಪಾನದಿಂದ ನಾಶವಾದ ಶ್ವಾಸಕೋಶದ ಗಾಳಿಗೂಡುಗಳು ಮಾತ್ರ ಮೊದಲಿನಂತಾಗುವುದಿಲ್ಲ.