ಗೋಧಿ ಬಿಡುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ

"ಡಾಕ್ಟರ್ ಸಾಹೇಬ್ರೇ, ಎರಡು ತಿಂಗಳಿಂದ ಗೋಧಿ ಮುಟ್ಟಿಲ್ಲ. ಮೊದಲು ಮೂರು ಕಿಲೋ ಇಳಿದೆ. ಈಗ ಮತ್ತೆ ಏರುತ್ತಿದೆ. ಸುಸ್ತು ಮಾತ್ರ ಹಾಗೆಯೇ ಇದೆ."

ಶಿವಾಜಿನಗರದ ನನ್ನ ದವಾಖಾನೆಯಲ್ಲಿ ಹೀಗೆಂದವರು ಹಲಸೂರಿನ ಮೂವತ್ತಾರು ವರ್ಷದ ಒಬ್ಬ ಸಹೋದರಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತಿದ್ದೇನೆ. ಎರಡು ಮಕ್ಕಳ ತಾಯಿ, ಇಂದಿರಾನಗರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾದರೆ ತಲೆ ಭಾರ. ಜಿಮ್ಮಿನಲ್ಲಿ ಯಾರೋ "ಇದೆಲ್ಲ ಗ್ಲುಟೆನ್‌ನಿಂದ, ಗೋಧಿ ಬಿಟ್ಟು ನೋಡಿ" ಎಂದರಂತೆ. ಅಂದೇ ಬಿಟ್ಟರು. ಅದಕ್ಕೆ ಮುಂಚೆ ಯಾವ ಪರೀಕ್ಷೆಯೂ ಆಗಿರಲಿಲ್ಲ.

ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಒಂದು ಬಗೆಯ ಪ್ರೋಟೀನು. ಬಾರ್ಲಿ ಮತ್ತು ರೈ ಧಾನ್ಯದಲ್ಲೂ ಇದೇ ಜಾತಿಯ ಪ್ರೋಟೀನು ಇದೆ. ಪರೋಟಾ ಹಿಟ್ಟನ್ನು ನಾದಿದಾಗ ರಬ್ಬರಿನಂತೆ ಎಳೆಯುತ್ತದಲ್ಲ, ಆ ಜಿಗುಟೇ ಗ್ಲುಟೆನ್. ಅಕ್ಕಿ, ರಾಗಿ, ಜೋಳ, ಸಜ್ಜೆ, ಬೇಳೆಗಳಲ್ಲಿ ಇದು ಇಲ್ಲ. ಬಹುಪಾಲು ಜನರ ಹೊಟ್ಟೆಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಸೀಲಿಯಾಕ್ ಎಂಬ ಕಾಯಿಲೆ ಇರುವವರಲ್ಲಿ ಗ್ಲುಟೆನ್ ಒಳಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹೀರುವ ಶಕ್ತಿ ಕುಂದುತ್ತದೆ. ಅಂಥವರು ಜೀವನಪೂರ್ತಿ ಗ್ಲುಟೆನ್ ಬಿಡಲೇಬೇಕು. ಅದೇ ಅವರಿಗೆ ಚಿಕಿತ್ಸೆ.

ನಮ್ಮಲ್ಲಿ ಈ ಕಾಯಿಲೆ ಎಷ್ಟಿದೆ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ ಸೀಲಿಯಾಕ್ ಕಂಡುಬಂತು. ದಕ್ಷಿಣದಲ್ಲಿ, ಅಂದರೆ ವೆಲ್ಲೂರಿನ ಭಾಗದಲ್ಲಿ, ಸಾವಿರಕ್ಕೆ ಒಬ್ಬರಿಗೆ ಮಾತ್ರ. ಆದರೆ ಈ ಕಾಯಿಲೆಗೆ ದಾರಿಮಾಡಿಕೊಡುವ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ವೆಲ್ಲೂರಿನವರು ತಿನ್ನುತ್ತಿದ್ದದ್ದು ಸುಮಾರು 25 ಗ್ರಾಂ.

ಇದರಿಂದ ಎರಡು ಮಾತು ತಿಳಿಯುತ್ತದೆ. ಸುಸ್ತಾಗಿರುವ ಬೆಂಗಳೂರಿಗರಲ್ಲಿ ಬಹುತೇಕರಿಗೆ ಸೀಲಿಯಾಕ್ ಇರುವುದಿಲ್ಲ. ಹಾಗೆಂದು ಅದು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಕಂಟೋನ್ಮೆಂಟಿನ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಪರೋಟಾ, ಸಂಜೆ ಬನ್ನು, ರಾತ್ರಿ ರೊಟ್ಟಿ ಇರುತ್ತದೆ. ನಾವು ತಿನ್ನುವ ಗೋಧಿ 25 ಗ್ರಾಮಿಗಿಂತ ಎಷ್ಟೋ ಹೆಚ್ಚು. ಆದ್ದರಿಂದ ಊಹೆ ಬೇಡ, ಪರೀಕ್ಷೆ ಬೇಕು.

ಇಲ್ಲಿಯೇ ಹೆಚ್ಚಿನವರು ಎಡವುವುದು. ಸೀಲಿಯಾಕ್ ಇದೆಯೇ ಎಂದು ತಿಳಿಯಲು ಮೊದಲು ಮಾಡುವುದು ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ. ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು. ಅದು ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ. ಈ ಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ಪ್ರತಿಯಾಗಿ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ವಾರಗಳು ಕಳೆದಂತೆ ಆ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ನಿಧಾನವಾಗಿ ವಾಸಿಯಾಗತೊಡಗುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ "ಇಲ್ಲ" ಎಂದು ಬರಬಹುದು. ಆ ಚೀಟಿ ನಂಬಿ ಮತ್ತೆ ಗೋಧಿ ಶುರುಮಾಡಿದವರ ಕರುಳು ಸದ್ದಿಲ್ಲದೆ ಹಾಳಾಗುತ್ತ ಹೋಗುತ್ತದೆ.

ಆದ್ದರಿಂದ ಆ ಸಹೋದರಿಗೆ ನಾನು ಕೊಟ್ಟ ಮೊದಲ ಸಲಹೆ ಅವರಿಗೇ ವಿಚಿತ್ರವೆನಿಸಿತು: "ಮತ್ತೆ ಗೋಧಿ ತಿನ್ನಿ." ದಿನಕ್ಕೆ ಎರಡು ರೊಟ್ಟಿ, ಒಂದು ಬೆಳಿಗ್ಗೆ, ಒಂದು ರಾತ್ರಿ, ಆರು ವಾರ ಬಿಡದೆ. ಪರೀಕ್ಷೆಗೆ ಅಷ್ಟು ಸಾಕು. ಹೊಟ್ಟೆನೋವು, ಭೇದಿ ಜೋರಾದರೆ ನಿಲ್ಲಿಸಿ ಬರಬೇಕೆಂದೂ ಹೇಳಿದ್ದೆ. ಅವರಿಗೆ ಏನೂ ಆಗಲಿಲ್ಲ.

ಸುಸ್ತಿನ ಕಾರಣ ಹುಡುಕಲು ಆರು ವಾರ ಕಾಯಬೇಕಿಲ್ಲ. ಕೆಳಗಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಭಾಗ ಬಿಳಿಚಿಕೊಂಡಿತ್ತು. ನಬ್ಜ್ ವೇಗವಾಗಿ, ಬಲವಿಲ್ಲದೆ ಬಡಿಯುತ್ತಿತ್ತು. ಆದರೆ ನಬ್ಜ್ ನೋಡಿ ಇದನ್ನು ತೀರ್ಮಾನಿಸಲಾಗದು. ರಕ್ತ ಪರೀಕ್ಷೆಗೆ ಕಳಿಸಿದೆ. ಥೈರಾಯ್ಡ್ ಸರಿಯಿತ್ತು, ಸಕ್ಕರೆಯೂ ಸರಿಯಿತ್ತು. ಹಿಮೋಗ್ಲೋಬಿನ್ 9.1 ಇತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ 12 ಇರಬೇಕು. ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ 6 ಇತ್ತು. 15ಕ್ಕಿಂತ ಕೆಳಗಿಳಿದರೆ ಉಗ್ರಾಣ ಖಾಲಿ ಎಂದೇ ಅರ್ಥ. ಕೇಳಿದಾಗ ಮುಟ್ಟಿನ ಸ್ರಾವ ಪ್ರತಿ ತಿಂಗಳೂ ಎಂಟು ದಿನ ಹೆಚ್ಚಾಗಿ ಹೋಗುತ್ತಿದೆ ಎಂದರು. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸವೂ ಇತ್ತು. ಚಹಾ ಊಟದಲ್ಲಿನ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ.

ಅವರ ಸುಸ್ತಿಗೆ ಕಾರಣ ರಕ್ತಹೀನತೆ. ಗೋಧಿ ಬಿಟ್ಟ ಎರಡು ತಿಂಗಳು ಆ ಕಾರಣ ಮುಚ್ಚಿಹೋಗಿತ್ತು, ಅಷ್ಟೇ. ಸ್ತ್ರೀರೋಗ ತಜ್ಞೆಯ ಬಳಿ ಕಳಿಸಿದೆ. ಅಧಿಕ ಸ್ರಾವಕ್ಕೆ ಚಿಕಿತ್ಸೆಯಾಯಿತು, ಕಬ್ಬಿಣದ ಮಾತ್ರೆ ಶುರುವಾಯಿತು, ಚಹಾ ಊಟದಿಂದ ಒಂದೂವರೆ ಗಂಟೆ ದೂರ ಹೋಯಿತು. ಆರು ವಾರದ ನಂತರ ಮಾಡಿಸಿದ ಸೀಲಿಯಾಕ್ ಪರೀಕ್ಷೆ "ಇಲ್ಲ" ಎಂದಿತು. ಈ ಸಲ ಅದನ್ನು ನಂಬಬಹುದಿತ್ತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.8ಕ್ಕೆ ಬಂತು. ಮೆಟ್ಟಿಲು ಹತ್ತುವುದು ಸಲೀಸಾಯಿತು. ಉಗ್ರಾಣ ತುಂಬಲು ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಬೇಕು. ಆರಾಮಾಯಿತೆಂದು ನಡುವೆ ನಿಲ್ಲಿಸುವುದೇ ಹಲವರು ಮಾಡುವ ತಪ್ಪು.

ಈ ಪರೀಕ್ಷೆಯ ಉತ್ತರ "ಇದೆ" ಎಂದು ಬಂದಿದ್ದರೆ? ಸೀಲಿಯಾಕ್ ಕೂಡ ಕೆಲವರಲ್ಲಿ ಭೇದಿಯಿಲ್ಲದೆ ಬರೀ ರಕ್ತಹೀನತೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಕಬ್ಬಿಣದ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಅದನ್ನು ಮರೆಯಬಾರದು. ತಿಂಗಳುಗಟ್ಟಲೆ ಸಡಿಲ ಭೇದಿ, ಬೆಳೆಯದ ಮಗು, ಒಡಹುಟ್ಟಿದವರಲ್ಲಿ ಅಥವಾ ತಂದೆತಾಯಿಯಲ್ಲಿ ಸೀಲಿಯಾಕ್, ಚಿಕ್ಕಂದಿನಿಂದ ಇನ್ಸುಲಿನ್ ಬೇಕಾದ ಮಧುಮೇಹ, ಇಷ್ಟರಲ್ಲಿ ಒಂದಿದ್ದರೂ ಪರೀಕ್ಷೆ ಮಾಡಿಸಿ. "ಇದೆ" ಎಂದು ಬಂದರೆ ಹೊಟ್ಟೆ-ಕರುಳಿನ ತಜ್ಞರನ್ನು ಕಾಣಿ. ಅವರು ಬಹುಮಟ್ಟಿಗೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಖಚಿತಪಡಿಸುತ್ತಾರೆ. ಅಲ್ಲಿಯವರೆಗೂ ಗೋಧಿ ಬಿಡಬೇಡಿ.

ಇನ್ನು ತೂಕದ ಮಾತು. ಮೊದಲ ತಿಂಗಳು ಮೂರು ಕಿಲೋ ಇಳಿದದ್ದು ಹೇಗೆ? ಗೋಧಿಯ ಜೊತೆ ಏನೇನು ಹೋಯಿತು ಎಂದು ಬರೆಯಲು ಹೇಳಿದೆ. ಕಚೇರಿಯಿಂದ ಬಂದ ಮೇಲೆ ಒಂದು ಸಮೋಸಾ, ಒಂದು ಬನ್-ಬೆಣ್ಣೆ, ಚಹಾದ ಜೊತೆ ಒಂದೆರಡು ಬಿಸ್ಕತ್ತು. ಎಲ್ಲ ಸೇರಿ ದಿನಕ್ಕೆ ಸುಮಾರು 500 ಕ್ಯಾಲೊರಿ. ಮೂವತ್ತು ದಿನಕ್ಕೆ 15,000. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕಡಿಮೆಯಾಗಬೇಕು. ಅಂದರೆ ಹೆಚ್ಚುಕಡಿಮೆ ಎರಡು ಕಿಲೋ ಹೋದದ್ದು ಎಣ್ಣೆ, ಬೆಣ್ಣೆ, ಸಕ್ಕರೆ, ಮೈದಾ ನಿಂತದ್ದರಿಂದ. ಉಳಿದ ಒಂದು ಕಿಲೋ ಬಹುಶಃ ನೀರು. ಪಿಷ್ಟ ಕಡಿಮೆ ತಿಂದಾಗ ದೇಹ ಹಿಡಿದಿಟ್ಟ ನೀರು ಮೊದಲ ವಾರದಲ್ಲೇ ಹೊರಹೋಗುತ್ತದೆ, ಪಿಷ್ಟ ಮರಳಿದಾಗ ನೀರೂ ಮರಳುತ್ತದೆ. ಇದರಲ್ಲಿ ಗ್ಲುಟೆನ್‌ನ ಪಾತ್ರವಿಲ್ಲ.

ಎರಡನೇ ತಿಂಗಳು ತೂಕ ಏರಿದ್ದು ಏಕೆ? ರೊಟ್ಟಿಯ ಜಾಗಕ್ಕೆ ರಾತ್ರಿಯೂ ಅನ್ನ ಬಂತು, ಅದೂ ಒಂದು ಸೌಟು ಹೆಚ್ಚು. ಸಂಜೆಯ ಹಸಿವಿಗೆ "ಗ್ಲುಟೆನ್ ಫ್ರೀ" ಬಿಸ್ಕತ್ತಿನ ದುಬಾರಿ ಪೊಟ್ಟಣ ಬಂತು. ಆ ಪೊಟ್ಟಣ ತಂದು ತೋರಿಸಿದರು. ಅಕ್ಕಿಹಿಟ್ಟು, ಮರಗೆಣಸಿನ ಪಿಷ್ಟ, ಸಕ್ಕರೆ, ಎಣ್ಣೆ. ಕ್ಯಾಲೊರಿ ಮಾಮೂಲಿ ಬಿಸ್ಕತ್ತಿನಷ್ಟೇ. ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚಿಲ್ಲ ಎಂಬುದಷ್ಟೇ ಆ ಮುದ್ರೆಯ ಅರ್ಥ. ತೆಳ್ಳಗಾಗುತ್ತೀರಿ ಎಂಬ ಅರ್ಥ ಅದಕ್ಕಿಲ್ಲ.

ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಗೂ ಒಂದು ಪರೀಕ್ಷೆ ನಡೆದಿದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಲಿಯಾಕ್ ಇಲ್ಲದ ಹದಿಮೂರು ಸೈಕಲ್ ಸ್ಪರ್ಧಿಗಳಿಗೆ ಒಂದು ವಾರ ಗ್ಲುಟೆನ್ ಇರುವ, ಇನ್ನೊಂದು ವಾರ ಇಲ್ಲದ ಆಹಾರ ಕೊಟ್ಟರು. ಯಾವ ವಾರ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಸೈಕಲ್ ಓಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ನಿಜ. ಆದರೆ ಗುಣವಿದ್ದರೆ ಅದನ್ನು ತೋರಿಸಬೇಕಾದ ಜನರೇ ಅವರು.

"ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ, ಬಿಟ್ಟರೆ ಹಗುರ" ಎನ್ನುವವರೂ ಇದ್ದಾರೆ. ಅವರ ಅನುಭವ ಸುಳ್ಳಲ್ಲ. ಆದರೆ ಗೋಧಿಯಲ್ಲಿ ಫ್ರಕ್ಟಾನ್ ಎಂಬ, ಕರುಳಿನಲ್ಲಿ ಹುಳಿತು ಗಾಳಿ ಮಾಡುವ ಪಿಷ್ಟದಂಥ ಅಂಶವೂ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದಿದೆ. ಹಲವರಲ್ಲಿ ತೊಂದರೆ ಕೊಡುವುದು ಅದು. ಅಂಥವರು ಕೂಡ ಮೊದಲು ಸೀಲಿಯಾಕ್ ಪರೀಕ್ಷೆ ಮಾಡಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆ ಗೋಧಿ ಕಡಿಮೆ ಮಾಡಿ ನೋಡಬಹುದು.

ಹಾಗೆ ಮಾಡುವಾಗ ಪೊಟ್ಟಣದ ತಿಂಡಿಗೆ ಹೋಗಬೇಡಿ. ರಾಗಿ ಮುದ್ದೆ, ಜೋಳದ ರೊಟ್ಟಿ ನಮ್ಮ ಊರಿನವೇ. ರಾಗಿಯ ಕ್ಯಾಲ್ಸಿಯಂ ಅಕ್ಕಿಹಿಟ್ಟಿನ ಗ್ಲುಟೆನ್ ಫ್ರೀ ಬಿಸ್ಕತ್ತಿನಲ್ಲಿ ಸಿಗದು. ಮಲ್ಟಿಗ್ರೇನ್ ಆಟಾದಲ್ಲಿ ಮುಖ್ಯ ಪಾಲು ಗೋಧಿಯೇ ಎಂಬುದು ನೆನಪಿರಲಿ.

ಸೀಲಿಯಾಕ್ ಖಚಿತವಾದ ಮನೆಗಳಿಗೆ ಮಾತ್ರ ಒಂದು ಎಚ್ಚರಿಕೆ. ರವೆ, ಶಾವಿಗೆ, ಹಲೀಮ್ ಎಲ್ಲವೂ ಗೋಧಿಯೇ. ತಲ್ಬೀನಾ ಬಾರ್ಲಿಯದ್ದು, ಆದ್ದರಿಂದ ಅದೂ ಸಲ್ಲದು. ನಮ್ಮ ಯುನಾನಿಯ ಮಾಉಶ್ಶಯೀರ್, ಅಂದರೆ ಬಾರ್ಲಿ ನೀರು, ನಿಶಾಸ್ತಾ ಹಾಕಿದ ಹರೀರಾ ಕೂಡ ಸಲ್ಲದು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ. ಹಕೀಮರ ಬಳಿ ಹೋದಾಗ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ. ಇಷ್ಟು ಕಟ್ಟುನಿಟ್ಟು ಅವರಿಗೆ ಬೇಕು. ಕಾಯಿಲೆ ಇಲ್ಲದವರಿಗೆ ಬೇಡ.

ಆ ಸಹೋದರಿ ಈಗ ದಿನಕ್ಕೆ ಎರಡು ರೊಟ್ಟಿ ತಿನ್ನುತ್ತಾರೆ. ಸಂಜೆಯ ಸಮೋಸಾ, ಬನ್-ಬೆಣ್ಣೆ ವಾರಕ್ಕೊಂದು ದಿನಕ್ಕೆ ಇಳಿದಿವೆ. ತೂಕ ನಿಧಾನವಾಗಿ ಇಳಿಯುತ್ತಿದೆ.